ಕೆಲಸದ ಸ್ಥಳದಲ್ಲಿ ಕಿರುಕುಳ ತಡೆ ನೀತಿ

(ಗದಗದ ನಮ್ಮ ಮುದ್ರಣಾಲಯದ ಎಲ್ಲ ವಿಭಾಗಗಳಿಗೆ. ಏಪ್ರಿಲ್ 1ರಿಂದ ಜಾರಿ.)

1. ಯಾರಿಗೆ ಅನ್ವಯ

ಡಿಟಿಪಿಯಲ್ಲಿ 4, ಯಂತ್ರ ವಿಭಾಗದಲ್ಲಿ 7, ಬೈಂಡಿಂಗ್‌ನಲ್ಲಿ 9, ಕಚೇರಿ ಮತ್ತು ಸಾಗಣೆಯಲ್ಲಿ 3, ಹೀಗೆ ನಾವು ಒಟ್ಟು 23 ಜನ. ಈ ನೀತಿ ಇಷ್ಟೂ ಜನರಿಗೆ ಅನ್ವಯಿಸುತ್ತದೆ. ನೋಟ್‌ಬುಕ್ ಹಂಗಾಮಿನಲ್ಲಿ ದಿನಗೂಲಿಗೆ ಬರುವವರು, ಕೆಲಸ ಕಲಿಯಲು ಬಂದ ಹುಡುಗರು ಮತ್ತು ಕಾಗದದ ರೀಮು ಇಳಿಸುವ ಹಮಾಲರಿಗೂ ಅನ್ವಯಿಸುತ್ತದೆ. ಮಾಲೀಕರೂ ಅವರ ಮನೆಯವರೂ ಇದರ ಹೊರಗಿಲ್ಲ. ಯಂತ್ರ ವಿಭಾಗವನ್ನು ನೋಡಿಕೊಳ್ಳುವವರು ಮಾಲೀಕರ ತಮ್ಮ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಈ ಮಾತನ್ನು ಬಿಡಿಸಿ ಬರೆಯಲಾಗಿದೆ. ಗಿರಾಕಿ ನಮ್ಮ ಕೆಲಸಗಾರರನ್ನು ಬೈದರೂ ದೂರು ಕೊಡಬಹುದು. ದೊಡ್ಡ ಆರ್ಡರ್ ಕೊಟ್ಟವರಿಗೆ ಬೈಯುವ ಹಕ್ಕು ಬಂದುಬಿಡುವುದಿಲ್ಲ.

2. ಕಿರುಕುಳ ಎಂದರೆ ಯಾವುದು

ಒಬ್ಬರನ್ನು ಮತ್ತೆ ಮತ್ತೆ ಹೀಯಾಳಿಸುವುದು, ಹೆದರಿಸುವುದು, ಒಂಟಿಯಾಗಿಸುವುದು ಕಿರುಕುಳ. ತೀರಾ ಗಂಭೀರವಾಗಿದ್ದರೆ ಒಂದೇ ಸಲ ನಡೆದದ್ದೂ ಕಿರುಕುಳವೇ. ನಮ್ಮಲ್ಲಿ ಅದು ಹೀಗೆ ಕಾಣಬಹುದು: ಮೈಬಣ್ಣ, ಕುಂಟು, ತೊದಲು, ಜಾತಿ, ಊರು ಹಿಡಿದು ಅಡ್ಡಹೆಸರು ಇಟ್ಟು ಕರೆಯುವುದು, ಊಟದ ಹೊತ್ತಿನಲ್ಲಿ ಒಬ್ಬರನ್ನು ಮಾತ್ರ ಪಂಕ್ತಿಯಿಂದ ದೂರ ಕೂರಿಸುವುದು, ಕೆಲಸ ಕಲಿಯಬಾರದೆಂದು ಬೇಕೆಂದೇ ಮೆಷಿನ್ ಬಳಿ ಬಿಡದಿರುವುದು, ಒಬ್ಬರಿಗೇ ದಿನವೂ ರೋಲರ್ ತೊಳೆಯುವ ಕೆಲಸ ಹಚ್ಚುವುದು, ಒಬ್ಬರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ ನಗುವುದು. "ತಮಾಷೆಗೆ ಅಂದೆ" ಎಂಬುದು ಉತ್ತರವಲ್ಲ. ಕೇಳಿಸಿಕೊಂಡವರಿಗೆ ಏನಾಯಿತು ಎಂಬುದನ್ನೇ ನೋಡಲಾಗುವುದು.

ಯಾವುದು ಕಿರುಕುಳವಲ್ಲ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಮೇಸ್ತ್ರಿಗಳು ಬಾಯಿ ತೆರೆಯಲೇ ಅಂಜುತ್ತಾರೆ. ಲಗ್ನಪತ್ರಿಕೆಯ ಪ್ರೂಫಿನಲ್ಲಿ ಮುಹೂರ್ತದ ದಿನ ತಪ್ಪಿದ್ದನ್ನು ತೋರಿಸಿ ತಿದ್ದಲು ಹೇಳುವುದು, ತಡವಾಗಿ ಬಂದದ್ದಕ್ಕೆ ಕಾರಣ ಕೇಳುವುದು, ಗಿರಾಕಿ ಕಾಯುತ್ತಿರುವಾಗ ಬೇಗ ಮುಗಿಸಿ ಎನ್ನುವುದು ಮೇಲ್ವಿಚಾರಣೆ. ಅದೇ ಮುಹೂರ್ತದ ತಪ್ಪನ್ನು ಹಿಡಿದುಕೊಂಡು ಮೂರು ತಿಂಗಳು ಎಲ್ಲರೆದುರು ಹಂಗಿಸಿದರೆ ಅದು ಕಿರುಕುಳ.

3. ಬೇರೆ ಕಾನೂನಿನ ಕೆಳಗೆ ಬರುವ ದೂರುಗಳು

ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರನ್ನು ಈ ನೀತಿಯ ಪ್ರಕಾರ ವಿಚಾರಣೆ ಮಾಡುವುದಿಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು, ನಮ್ಮಲ್ಲಿ ಇದೆ. ಘಟನೆಯಾದ 3 ತಿಂಗಳೊಳಗೆ ಸಮಿತಿಗೆ ಲಿಖಿತ ದೂರು ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದೂರು ತಪ್ಪಾಗಿ ನಮ್ಮ ಕೈಗೆ ಬಂದರೆ, ದೂರುದಾರರಿಗೆ ತಿಳಿಸಿ ಅದೇ ದಿನ ಸಮಿತಿಗೆ ಮುಟ್ಟಿಸುತ್ತೇವೆ.

ಜಾತಿ ನಿಂದನೆ, ಹಲ್ಲೆ, ಜೀವಬೆದರಿಕೆ ನಡೆದಿದ್ದರೆ ಪೊಲೀಸರ ಬಳಿ ಹೋಗುವ ಹಕ್ಕನ್ನು ಈ ನೀತಿ ಕಿತ್ತುಕೊಳ್ಳುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರಿಂದಲೂ ಇದೆ. "ಮೊದಲು ನಮಗೆ ಹೇಳಿ, ಆಮೇಲೆ ಠಾಣೆಗೆ ಹೋಗಿ" ಎಂದು ಯಾರೂ ತಡೆಯಬಾರದು. ತುರ್ತಿದ್ದರೆ 112ಕ್ಕೆ ಕರೆ ಮಾಡಿ.

4. ದೂರು ಕೊಡುವುದು ಹೇಗೆ

ದೂರು ಸ್ವೀಕರಿಸಲು ಇಬ್ಬರಿದ್ದಾರೆ: ಬೈಂಡಿಂಗ್ ವಿಭಾಗದ ಹಿರಿಯ ಮಹಿಳಾ ಕೆಲಸಗಾರರು ಮತ್ತು ಕಚೇರಿಯ ಲೆಕ್ಕಿಗರು. ಇವರಲ್ಲಿ ಯಾರಿಗಾದರೂ ಹೇಳಬಹುದು. ಬರೆದು ಕೊಡಲೇಬೇಕೆಂದಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಅವರು ಬರೆದುಕೊಂಡು, ನಿಮಗೆ ಓದಿ ಹೇಳಿ, ನೀವು ಒಪ್ಪಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಪಡೆಯುತ್ತಾರೆ. ಏನಾಯಿತು, ಯಾವಾಗ, ಎಲ್ಲಿ, ಯಾರಿದ್ದರು, ಮೊದಲೂ ನಡೆದಿತ್ತೇ ಎಂಬ ಐದು ಸಂಗತಿಗಳಿದ್ದರೆ ಸಾಕು. ಸಾಕ್ಷಿ ಇಲ್ಲವೆಂದು ಸುಮ್ಮನಿರಬೇಡಿ. ಹೆಚ್ಚಿನ ಕಿರುಕುಳ ಸಾಕ್ಷಿ ಇಲ್ಲದ ಹೊತ್ತಿನಲ್ಲೇ ನಡೆಯುತ್ತದೆ.

ದೂರು ಮಾಲೀಕರ ಮೇಲೆ, ಅವರ ಮನೆಯವರ ಮೇಲೆ ಅಥವಾ ದೂರು ಸ್ವೀಕರಿಸುವ ಇಬ್ಬರ ಮೇಲೇ ಇದ್ದರೆ, ಆಂತರಿಕ ಸಮಿತಿಯ ಹೊರಗಿನ ಸದಸ್ಯರಾದ ವಕೀಲರಿಗೆ ನೇರವಾಗಿ ಕೊಡಿ. ಅವರ ಫೋನ್ ಸಂಖ್ಯೆ ನೀರಿನ ಫಿಲ್ಟರ್ ಮೇಲಿನ ಹಲಗೆಯಲ್ಲಿದೆ. ಅಂಥ ದೂರಿನ ವಿಚಾರಣೆಯನ್ನೂ ಮೇಲ್ಮನವಿಯನ್ನೂ ಮಾಲೀಕರು ನೋಡುವುದಿಲ್ಲ. ವಕೀಲರು ಕೊಟ್ಟ ತೀರ್ಮಾನಕ್ಕೆ ಬದ್ಧರಾಗಿರುತ್ತಾರೆ.

ನಡುವೆ ಮಾತುಕತೆಯಿಂದ ಬಗೆಹರಿಸಿಕೊಳ್ಳಲು ಇಬ್ಬರೂ ಮನಸ್ಸು ಮಾಡಿದರೆ ಸರಿ. ದೂರುದಾರರು ಬೇಡವೆಂದರೆ "ಕೈ ಕುಲುಕಿ ಮರೆತುಬಿಡಿ" ಎಂದು ಯಾರೂ ಒತ್ತಾಯಿಸುವಂತಿಲ್ಲ.

5. ಗಡುವು

ದೂರು ಬಂದ 2 ಕೆಲಸದ ದಿನಗಳಲ್ಲಿ ಸ್ವೀಕೃತಿ ಚೀಟಿ ಕೊಡಲಾಗುವುದು. 5 ದಿನಗಳಲ್ಲಿ ದೂರಿಗೊಳಗಾದವರಿಗೆ ಆರೋಪವನ್ನು ಬರವಣಿಗೆಯಲ್ಲಿ ತಿಳಿಸಿ, ಉತ್ತರಕ್ಕೆ 3 ದಿನ ಕೊಡಲಾಗುವುದು. ಮಾಲೀಕರು ಮತ್ತು ಸಂಬಂಧವಿಲ್ಲದ ವಿಭಾಗದ ಒಬ್ಬರು ಸೇರಿ ವಿಚಾರಣೆ ನಡೆಸಿ, ದೂರು ಬಂದ 15 ಕೆಲಸದ ದಿನಗಳಲ್ಲಿ ಮುಗಿಸಬೇಕು. ಆಮೇಲಿನ 5 ದಿನಗಳಲ್ಲಿ ತೀರ್ಮಾನ ಇಬ್ಬರ ಕೈಗೂ ಸೇರಬೇಕು. ಒಪ್ಪಿಗೆಯಾಗದಿದ್ದರೆ 7 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. ಅದನ್ನು ವಕೀಲರು 10 ದಿನಗಳಲ್ಲಿ ನೋಡುತ್ತಾರೆ. ಮೇಲ್ಮನವಿ ವಕೀಲರದೇ ತೀರ್ಮಾನದ ಮೇಲಿದ್ದರೆ ಬೇರೆ ವಕೀಲರೊಬ್ಬರನ್ನು ಕೇಳಲಾಗುವುದು.

ಹಂಗಾಮಿನ ಒತ್ತಡ ಗಡುವು ಮೀರಲು ಕಾರಣವಾಗುವುದಿಲ್ಲ. ಮೇ, ಜೂನ್‌ನಲ್ಲಿ ನೋಟ್‌ಬುಕ್ ಕೆಲಸ, ವರ್ಷದ ಕೊನೆಯಲ್ಲಿ ಕ್ಯಾಲೆಂಡರ್ ಕೆಲಸ ಇದ್ದೇ ಇರುತ್ತದೆ, ಜಗಳಗಳು ಹೆಚ್ಚುವುದೂ ಆಗಲೇ. ಸಾಕ್ಷಿದಾರರು ಊರಿನಲ್ಲಿಲ್ಲ ಎಂಬಂಥ ಕಾರಣವಿದ್ದರೆ ಒಮ್ಮೆ ಮಾತ್ರ 7 ದಿನ ಮುಂದೂಡಬಹುದು, ಕಾರಣವನ್ನು ಬರೆದು ಇಬ್ಬರಿಗೂ ತಿಳಿಸಬೇಕು.

ವಿಚಾರಣೆ ಮುಗಿಯುವವರೆಗೆ ಇಬ್ಬರ ಪಾಳಿಯನ್ನು ಬೇರೆ ಮಾಡಬೇಕಾದರೆ, ದೂರುದಾರರು ತಾವಾಗಿ ಕೇಳದ ಹೊರತು ಅವರ ಪಾಳಿಯನ್ನು ಬದಲಿಸುವುದಿಲ್ಲ.

6. ಗೋಪ್ಯತೆ

ಇಪ್ಪತ್ಮೂರು ಜನರ ಪ್ರೆಸ್ಸಿನಲ್ಲಿ ಗುಟ್ಟು ಉಳಿಯುವುದು ಕಷ್ಟ. "ಯಾರಿಗೂ ಗೊತ್ತಾಗುವುದಿಲ್ಲ" ಎಂದು ನಾವು ಮಾತು ಕೊಡುವುದಿಲ್ಲ. ಆರೋಪವನ್ನು ತಿಳಿಸದೆ ಉತ್ತರ ಕೇಳಲಾಗದು, ಕೇಳಿದ ಕೂಡಲೇ ಯಾರು ಹೇಳಿದ್ದೆಂದು ಅವರು ಊಹಿಸಬಹುದು. ಕೊಡಬಹುದಾದ ಮಾತು ಇಷ್ಟು: ವಿಚಾರಣೆಗೆ ಬೇಕಾದವರನ್ನು ಬಿಟ್ಟು ಬೇರಾರಿಗೂ ನಾವಾಗಿ ಹೇಳುವುದಿಲ್ಲ.

ದೂರನ್ನು ಡಿಟಿಪಿ ಕಂಪ್ಯೂಟರಿನಲ್ಲಿ ಟೈಪ್ ಮಾಡುವಂತಿಲ್ಲ, ಅದನ್ನು ನಾಲ್ವರು ಬಳಸುತ್ತಾರೆ. ಕೈಬರಹದ ಕಡತ ಕಚೇರಿಯ ಬೀರುವಿನಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿರುತ್ತದೆ. ಬೀಗದ ಕೈ ಲೆಕ್ಕಿಗರ ಬಳಿ ಮಾತ್ರ. ದೂರು ಲೆಕ್ಕಿಗರ ಮೇಲೇ ಇದ್ದರೆ, ಮಾಲೀಕರ ಅಥವಾ ಅವರ ಮನೆಯವರ ಮೇಲಿದ್ದರೆ ಕಡತವನ್ನು ವಕೀಲರೇ ಇಟ್ಟುಕೊಳ್ಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಈ ವಿಷಯದ ಒಂದು ಸಾಲೂ ಹೋಗಬಾರದು. ಮೂರು ವರ್ಷದ ನಂತರ ಕಡತವನ್ನು ಕಟಿಂಗ್ ಮೆಷಿನ್‌ನಲ್ಲಿ ಸಣ್ಣಗೆ ತುಂಡರಿಸಬೇಕು. ಹಾಗೆಯೇ ರದ್ದಿಗೆ ಹಾಕಬಾರದು. ಸಾಕ್ಷಿ ಹೇಳಿದವರ ಹೆಸರು ತೀರ್ಮಾನದ ಪತ್ರದಲ್ಲಿ ಇರುವುದಿಲ್ಲ. ಗುಟ್ಟು ಹೊರಗೆ ಹಾಕಿದವರ ಮೇಲೆ ಕಿರುಕುಳ ಕೊಟ್ಟವರ ಮೇಲಿನಷ್ಟೇ ಕ್ರಮ ಆಗುತ್ತದೆ.

7. ಕ್ರಮ ಮತ್ತು ಸೇಡು

ತಪ್ಪು ರುಜುವಾತಾದರೆ ಅದರ ತೂಕ ನೋಡಿ ಬಾಯಿಮಾತಿನ ಎಚ್ಚರಿಕೆ, ಲಿಖಿತ ಎಚ್ಚರಿಕೆ, ಮೇಲ್ವಿಚಾರಣೆಯ ಹೊಣೆ ಹಿಂದಕ್ಕೆ ಪಡೆಯುವುದು, ಕೊನೆಗೆ ಕೆಲಸದಿಂದ ತೆಗೆಯುವುದು. ಪಗಾರದಲ್ಲಿ ದಂಡ ಹಿಡಿಯುವುದಿಲ್ಲ. ಹಣ ಕಟ್ಟಿದರೆ ಮುಗಿಯಿತು ಎಂಬ ಭಾವನೆ ಬರುವುದು ನಮಗೆ ಬೇಡ.

ದೂರು ಕೊಟ್ಟವರಿಗೆ ಅಥವಾ ಸಾಕ್ಷಿ ಹೇಳಿದವರಿಗೆ ಓವರ್‌ಟೈಮ್ ತಪ್ಪಿಸುವುದು, ರಜೆ ತಡೆಯುವುದು, ಮಾತು ಬಿಡುವುದು ಸೇಡು ಎಂದೇ ಎಣಿಸಿ ಹೊಸ ದೂರಿನಂತೆ ನೋಡಲಾಗುವುದು. ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಬೇಕೆಂದೇ ಕಟ್ಟುಕಥೆ ಹೇಳಿದ್ದು ತೋರಿದರೆ ಮಾತ್ರ ಕ್ರಮ. ತೀರ್ಮಾನದ ನಂತರ 30ನೆಯ ಮತ್ತು 90ನೆಯ ದಿನ ದೂರು ಸ್ವೀಕರಿಸಿದವರು ದೂರುದಾರರನ್ನು ಪ್ರತ್ಯೇಕವಾಗಿ ಕೂರಿಸಿ ಹೇಗಿದೆ ಎಂದು ಕೇಳಬೇಕು. ಮನಸ್ಸಿಗೆ ತೀರಾ ಭಾರವಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅದಕ್ಕಾಗಿ ಕೆಲಸದ ನಡುವೆ ಎದ್ದು ಹೋಗಲು ಅನುಮತಿ ಬೇಕಿಲ್ಲ.

8. ಸಹಿ

ಹಲಗೆಯ ಮೇಲೆ ಹಚ್ಚಿದ್ದು ಸಾಲದು. ಪ್ರತಿಯೊಬ್ಬರಿಗೂ ಒಂದು ಪ್ರತಿ ಸಿಗುತ್ತದೆ. ಹೊಸಬರಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೊಡಬೇಕು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಎಲ್ಲರೂ ಕೂತು ಇದನ್ನು ಮತ್ತೆ ಓದಿ ತಿದ್ದುತ್ತೇವೆ. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಪಡೆಯಬೇಕು. ಅದರ ಪಕ್ಕದಲ್ಲಿ ಓದಿ ಹೇಳಿದವರ ಸಹಿಯೂ ಇರಬೇಕು.