ಪಾಪುಟ್ಟು ಮೂರು, ಪಾಯಸ ಒಂದು: ಡಿಎನ್‌ಎ ನಕಲಿನ ಕಿಣ್ವಗಳ ಕಾರ್ಡುಗಳು

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಮಕ್ಕಳಿಗೆ, ಸೋಮವಾರದ ಟೆಸ್ಟ್‌ಗೆ ಮುಂಚೆ.

ದಪ್ಪ ಕಾಗದದಲ್ಲಿ ಕತ್ತರಿಸಿ, ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಬರೆದುಕೊಳ್ಳಿ. ಈ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಮೊಬೈಲ್ ನಂಬಿ ಕೂರಬೇಡಿ. ಗೋಣಿಕೊಪ್ಪದಿಂದ ವಿರಾಜಪೇಟೆಗೆ ಬಸ್ಸಿನಲ್ಲಿ ಬರುವವರಿಗೆ ದಾರಿಯಲ್ಲೇ ಒಂದು ಸುತ್ತು ಮುಗಿಯುತ್ತದೆ.

ಮೊದಲು ಈ ಸಾಲನ್ನು ಬಾಯಿಪಾಠ ಮಾಡಿ:

ಹೆಗಲ ಚೀಲ, ಟೋಪಿ ಎತ್ತಿಟ್ಟ. ಪ್ರೀತಿಯಿಂದ ಪಾಪುಟ್ಟು ಮೂರು ತಿಂದ, ಪಾಯಸ ಒಂದು ಲೋಟ ಕುಡಿದ, ಲಿಂಬೆ ಶರಬತ್ತಿಗೂ ಕೈ ಚಾಚಿದ.

ಹೆಗಲ: ಹೆಲಿಕೇಸ್
ಟೋಪಿ: ಟೋಪೋಐಸೋಮರೇಸ್
ಎತ್ತಿಟ್ಟ: ಎಸ್‌ಎಸ್‌ಬಿ ಪ್ರೋಟೀನ್
ಪ್ರೀತಿ: ಪ್ರೈಮೇಸ್
ಪಾಪುಟ್ಟು ಮೂರು: ಪಾಲಿಮರೇಸ್ 3
ಪಾಯಸ ಒಂದು: ಪಾಲಿಮರೇಸ್ 1
ಲಿಂಬೆ: ಲಿಗೇಸ್

ಒಂದು ಮಾತು ನೆನಪಿರಲಿ. ಈ ಸಾಲು ನೆನಪಿಗಾಗಿ ಮಾತ್ರ. ಜೀವಕೋಶದಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಬರುವುದಿಲ್ಲ, ಎರಡು ಎಳೆಗಳು ಬಿಚ್ಚಿಕೊಳ್ಳುವ ಕವಲಿನ ಹತ್ತಿರ ಎಲ್ಲರೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತಾರೆ.

ಕಾರ್ಡ್ 1
ಪ್ರಶ್ನೆ: ಹೆಲಿಕೇಸ್ ಏನು ಮಾಡುತ್ತದೆ?
ಉತ್ತರ: ಎರಡು ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತದೆ. ಶಕ್ತಿ ಎಟಿಪಿಯಿಂದ.

ಕಾರ್ಡ್ 2
ಪ್ರಶ್ನೆ: ಹೆಲಿಕೇಸ್ ಇದ್ದ ಮೇಲೆ ಟೋಪೋಐಸೋಮರೇಸ್ ಯಾಕೆ ಬೇಕು?
ಉತ್ತರ: ಹುರಿ ಹೊಸೆದ ಹಗ್ಗವನ್ನು ಒಂದು ತುದಿಯಿಂದ ಎಳೆದು ಬಿಚ್ಚಿ ನೋಡಿ, ಮುಂದಿನ ಭಾಗ ಇನ್ನೂ ಬಿಗಿಯಾಗಿ ಸುತ್ತಿಕೊಳ್ಳುತ್ತದೆ ಅಲ್ವಾ? ಕವಲಿನ ಮುಂದೆ ಡಿಎನ್‌ಎಗೂ ಹೀಗೇ ಆಗುತ್ತದೆ. ಟೋಪೋಐಸೋಮರೇಸ್ ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಬ್ಯಾಕ್ಟೀರಿಯಾದಲ್ಲಿ ಈ ಕೆಲಸ ಮಾಡುವ ಒಂದು ಬಗೆಗೆ ಗೈರೇಸ್ ಎಂದು ಹೆಸರು. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ತಡೆಯುವುದು ಇದನ್ನೇ.

ಕಾರ್ಡ್ 3
ಪ್ರಶ್ನೆ: ಎಸ್‌ಎಸ್‌ಬಿ ಕಿಣ್ವವೇ?
ಉತ್ತರ: ಅಲ್ಲ. ಬಿಡಿ ಎಳೆಗೆ ಅಂಟಿಕೊಂಡು, ಅದು ಮತ್ತೆ ಜೋಡಿಯಾಗದಂತೆ ತಡೆಯುವ ಪ್ರೋಟೀನ್ ಅಷ್ಟೇ.

ಕಾರ್ಡ್ 4
ಪ್ರಶ್ನೆ: ಪ್ರೈಮೇಸ್ ಹಾಕುವುದು ಡಿಎನ್‌ಎ ತುಂಡೋ, ಆರ್‌ಎನ್‌ಎ ತುಂಡೋ?
ಉತ್ತರ: ಆರ್‌ಎನ್‌ಎ. ಪಾಲಿಮರೇಸ್‌ಗೆ ಬರಿಗೈಯಲ್ಲಿ ಶುರು ಮಾಡಲು ಬರುವುದಿಲ್ಲ, ಸೇರಿಸಲು ಒಂದು 3′ ತುದಿ ಬೇಕು. ಅದನ್ನು ಕೊಡುವುದೇ ಪ್ರೈಮರ್.

ಕಾರ್ಡ್ 5
ಪ್ರಶ್ನೆ: ಪಾಲಿಮರೇಸ್ 3 ಯಾವ ದಿಕ್ಕಿನಲ್ಲಿ ಓದುತ್ತದೆ, ಯಾವ ದಿಕ್ಕಿನಲ್ಲಿ ಬರೆಯುತ್ತದೆ?
ಉತ್ತರ: ಹಳೆಯ ಎಳೆಯನ್ನು 3′→5′ ಓದುತ್ತದೆ, ಹೊಸದನ್ನು 5′→3′ ಬರೆಯುತ್ತದೆ. ಹೆಚ್ಚಿನ ಭಾಗ ಕಟ್ಟುವುದು ಇದೇ. ತಪ್ಪು ಬೇಸ್ ಸೇರಿದರೆ ಹಿಂದೆ ಸರಿದು, 3′→5′ ದಿಕ್ಕಿನಲ್ಲಿ ಅದನ್ನು ಕಿತ್ತು ಸರಿಪಡಿಸುತ್ತದೆ.

ಕಾರ್ಡ್ 6
ಪ್ರಶ್ನೆ: ಲ್ಯಾಗಿಂಗ್ ಎಳೆ ತುಂಡು ತುಂಡಾಗಿ ಬರುವುದೇಕೆ?
ಉತ್ತರ: ಎರಡು ಹಳೆಯ ಎಳೆಗಳ ದಿಕ್ಕು ಒಂದಕ್ಕೊಂದು ವಿರುದ್ಧ. ಬರೆಯುವ ದಿಕ್ಕು ಮಾತ್ರ ಒಂದೇ, 5′→3′. ಹಾಗಾಗಿ ಒಂದು ಎಳೆ ಕವಲಿನ ಕಡೆಗೇ ನಿಲ್ಲದೆ ಬೆಳೆಯುತ್ತದೆ, ಅದು ಲೀಡಿಂಗ್. ಇನ್ನೊಂದು ಕವಲಿನಿಂದ ದೂರಕ್ಕೆ ಬೆಳೆಯಬೇಕು. ಕವಲು ಸ್ವಲ್ಪ ತೆರೆದಾಗಲೆಲ್ಲ ಹೊಸ ಪ್ರೈಮರ್ ಹಾಕಿ ಹೊಸದಾಗಿ ಶುರು ಮಾಡಬೇಕಾಗುತ್ತದೆ. ಇವೇ ಒಕಜಾಕಿ ತುಂಡುಗಳು. ಬ್ಯಾಕ್ಟೀರಿಯಾದಲ್ಲಿ ಒಂದೊಂದು ಸುಮಾರು 1000ದಿಂದ 2000 ನ್ಯೂಕ್ಲಿಯೋಟೈಡ್ ಉದ್ದ, ನಮ್ಮಲ್ಲಿ 100ರಿಂದ 200 ಮಾತ್ರ. ಈ ಕಾರ್ಡನ್ನು ಸುಮ್ನೆ ಓದಬೇಡಿ. ಕವಲಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪಕ್ಕದವರಿಗೆ ವಿವರಿಸಿ. ಇದು ಅರ್ಥವಾದರೆ ಉಳಿದದ್ದಕ್ಕೆ ಬಾಯಿಪಾಠವೇ ಬೇಡ.

ಕಾರ್ಡ್ 7
ಪ್ರಶ್ನೆ: ಪಾಲಿಮರೇಸ್ 1ರ ಕೆಲಸ?
ಉತ್ತರ: ಆರ್‌ಎನ್‌ಎ ಪ್ರೈಮರ್ ತೆಗೆದು, ಆ ಜಾಗಕ್ಕೆ ಡಿಎನ್‌ಎ ತುಂಬುವುದು. ಇದಕ್ಕೆ 5′→3′ ದಿಕ್ಕಿನಲ್ಲಿ ಕಿತ್ತುಹಾಕುವ ಶಕ್ತಿ ಇದೆ, ಪಾಲಿಮರೇಸ್ 3ಕ್ಕೆ ಅದು ಇಲ್ಲ. ನೀಟ್‌ಗೆ ಓದುವವರು ಈ ಸಾಲಿಗೆ ಅಡಿಗೆರೆ ಹಾಕಿ.

ಕಾರ್ಡ್ 8
ಪ್ರಶ್ನೆ: 3 ಮೊದಲು, 1 ಆಮೇಲೆ. ಹೆಸರು ಯಾಕೆ ಹೀಗೆ?
ಉತ್ತರ: ಸಂಖ್ಯೆ ಬಂದಿರುವುದು ಕಂಡುಹಿಡಿದ ಕ್ರಮದಲ್ಲಿ, ಕೆಲಸದ ಕ್ರಮದಲ್ಲಿ ಅಲ್ಲ. ಆರ್ಥರ್ ಕಾರ್ನ್‌ಬರ್ಗ್ 1956ರಲ್ಲಿ ಮೊದಲು ಕಂಡದ್ದು ಪಾಲಿಮರೇಸ್ 1. ಅವರಿಗೆ 1959ರಲ್ಲಿ ನೊಬೆಲ್ ಬಂತು. ಈ ಸಂಖ್ಯೆಗಳು ಬ್ಯಾಕ್ಟೀರಿಯಾಕ್ಕೆ ಸೇರಿದವು. ಮನುಷ್ಯರಲ್ಲಿ ಆಲ್ಫಾ, ಡೆಲ್ಟಾ, ಎಪ್ಸಿಲಾನ್ ಎಂಬ ಪಾಲಿಮರೇಸ್‌ಗಳಿವೆ.

ಕಾರ್ಡ್ 9
ಪ್ರಶ್ನೆ: ಪಾಲಿಮರೇಸ್ 1 ಜಾಗ ತುಂಬಿಸಿದ ಮೇಲೂ ಏನು ಬಾಕಿ?
ಉತ್ತರ: ಪಕ್ಕಪಕ್ಕದ ತುಂಡುಗಳ ನಡುವೆ ಒಂದು ಬಿರುಕು. ಲಿಗೇಸ್ ಅಲ್ಲಿ ಫಾಸ್ಫೋಡೈಎಸ್ಟರ್ ಬಂಧ ಕಟ್ಟುತ್ತದೆ.

ಕಾರ್ಡ್ 10
ಪ್ರಶ್ನೆ: ಟೆಲೊಮರೇಸ್ ನಮ್ಮ ಸಾಲಿನಲ್ಲಿ ಯಾಕಿಲ್ಲ?
ಉತ್ತರ: ಅದು ನೇರ ಎಳೆಯಂತಿರುವ ಕ್ರೋಮೋಸೋಮ್‌ಗಳ ತುದಿ ಕಾಯುವ ಕಿಣ್ವ. ಇ. ಕೋಲಿಯ ಡಿಎನ್‌ಎ ವೃತ್ತಾಕಾರ, ತುದಿಯೇ ಇಲ್ಲ.

ಕಾರ್ಡ್ 11
ಪ್ರಶ್ನೆ: ನಕಲು ಮುಗಿದ ಒಂದು ಕೋಶದಲ್ಲಿ ಲೀಡಿಂಗ್ ಎಳೆ ಹೆಚ್ಚುಕಡಿಮೆ ಸರಿಯಾಗಿದೆ. ಲ್ಯಾಗಿಂಗ್ ಎಳೆಯಲ್ಲಿ ಆರ್‌ಎನ್‌ಎ ಒಂದಿಷ್ಟೂ ಇಲ್ಲ, ಆದರೆ ಬಿಡಿ ಬಿಡಿ ತುಂಡುಗಳಿವೆ. ಯಾರು ರಜೆ ಹಾಕಿದ್ದಾರೆ?
ಉತ್ತರ: ಲಿಗೇಸ್. ಆರ್‌ಎನ್‌ಎ ಹಾಗೇ ಉಳಿದಿದ್ದರೆ ಪಾಲಿಮರೇಸ್ 1 ಎನ್ನಬೇಕಿತ್ತು.