ಇಂಟರ್ನ್‌ಶಿಪ್ ಪೂರ್ಣಗೊಳಿಸಿದ ವರದಿ

ಕೋರ್ಸ್: ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ, ಆರನೇ ಸೆಮಿಸ್ಟರ್
ಸ್ಥಳ: ದಾವಣಗೆರೆ, ಶಾಮನೂರು ಕಡೆಯ ಬಡಾವಣೆ
ಕಟ್ಟಡ: 40×60 ಅಡಿ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಅಂತಸ್ತಿನ ವಾಸದ ಮನೆ
ಅವಧಿ: 3 ಫೆಬ್ರುವರಿ 2025 ರಿಂದ 10 ಮೇ 2025

ಸೈಟ್ ಮತ್ತು ನನ್ನ ಕೆಲಸ

ನಾನು ಹೋದಾಗ ಪಾಯ ತೋಡುವ ಕೆಲಸ ನಡೆದಿತ್ತು. ಈ ಭಾಗದಲ್ಲಿ ಎರೆಮಣ್ಣು ಹೆಚ್ಚು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ ಪಾಯ ಕೂರಿಸುವಂತಿಲ್ಲ ಎಂದು ಕ್ಲಾಸಿನಲ್ಲಿ ಓದಿದ್ದೆ. ಇಲ್ಲಿ ಗುಂಡಿಯ ಗೋಡೆಯಲ್ಲಿ ನನ್ನ ಬೆರಳು ಹೋಗುವಷ್ಟು ಅಗಲದ ಬಿರುಕುಗಳಿದ್ದವು. ಐದು ಅಡಿ ಆಳಕ್ಕೆ ಗರಸು ಸಿಕ್ಕಿತು. ಒಂದು ಮೂಲೆಯಲ್ಲಿ ಮಾತ್ರ ಸಿಗದೆ ಇನ್ನೂ ಒಂದೂವರೆ ಅಡಿ ತೋಡಿಸಿದರು. ತಳಕ್ಕೆ 100 ಮಿ.ಮೀ. 1:4:8 ಕಾಂಕ್ರೀಟ್ ಹಾಸಿ, ಅದರ ಮೇಲೆ ಫುಟಿಂಗ್ ಕಟ್ಟಿದರು.

ದಿನವೂ ಬೆಳಿಗ್ಗೆ ಎಂಟೂವರೆಗೆ ಹಾಜರಾತಿ ಬರೆಯುವುದು, ಬಂದ ಸಿಮೆಂಟ್ ಚೀಲ ಎಣಿಸುವುದು, ಎಂ ಸ್ಯಾಂಡ್ ಮತ್ತು ಜಲ್ಲಿ ಲಾರಿಯ ಒಳ ಅಳತೆ ಹಿಡಿಯುವುದು ನನ್ನ ಪಾಲಿನ ಕೆಲಸ. ಆಮೇಲೆ ಕಬ್ಬಿಣದ ಲೆಕ್ಕ, ಸೆಂಟ್ರಿಂಗ್ ಮಟ್ಟ, ಕಾಲಂಗಳ ನೇರ ನೋಡುವ ಕೆಲಸವೂ ಬಂತು. ಮೊದಲ ವಾರ ರಸಮಟ್ಟದ ಗುಳ್ಳೆ ನೋಡುವುದರಲ್ಲೇ ಕಳೆಯಿತು. ತೂಗುಗುಂಡನ್ನು ಗಾಳಿಗೆ ಅಲ್ಲಾಡದಂತೆ ನೀರಿನ ಬಕೆಟ್‌ನಲ್ಲಿ ಇಳಿಬಿಟ್ಟು ನೋಡುವುದನ್ನು ಮೇಸ್ತ್ರಿಯೇ ಹೇಳಿಕೊಟ್ಟರು.

ರಿಂಗಿನ ತಪ್ಪು

ಇದು ನನ್ನದೇ ತಪ್ಪು. ಮುಚ್ಚಿಡದೆ ಬರೆಯುತ್ತಿದ್ದೇನೆ.

ಕಾಲಂ ಅಳತೆ 230×380 ಮಿ.ಮೀ., ಕವರ್ 40. ಕವರನ್ನು ಎರಡೂ ಕಡೆ ಕಳೆಯಬೇಕು, ಆಗ ರಿಂಗು 150×300 ಆಗುತ್ತದೆ. ನಾನು ಒಂದೇ ಕಡೆ ಕಳೆದು 190×340 ಎಂದು ಬರೆದುಕೊಟ್ಟೆ. 8 ಮಿ.ಮೀ. ಕಂಬಿಯಲ್ಲಿ 46 ತುಂಡು ಕತ್ತರಿಸಿ, 12 ಬಗ್ಗಿಸಿಯೂ ಆಯಿತು. ಬಾರ್ ಬೆಂಡರ್ ಒಂದು ರಿಂಗನ್ನು ಕಾಲಂ ಪೆಟ್ಟಿಗೆಯ ಒಳಗೆ ಇಟ್ಟು, ಪಕ್ಕದಲ್ಲಿ ಕವರ್ ಬ್ಲಾಕ್ ತುರುಕಲು ನೋಡಿದ. ಹೋಗಲಿಲ್ಲ. "ತಮ್ಮಾ, ಬಿಸ್ಕತ್ತು ಎಲ್ಲಿ ಇಡ್ಲಿ ಹೇಳು" ಅಂದ. ಸೈಟಿನಲ್ಲಿ ಕವರ್ ಬ್ಲಾಕಿಗೆ ಬಿಸ್ಕತ್ತು ಅನ್ನುತ್ತಾರೆ.

ಬಗ್ಗಿಸದ 34 ತುಂಡುಗಳಲ್ಲಿ ತಲಾ 160 ಮಿ.ಮೀ. ಕತ್ತರಿಸಿ ಸರಿಮಾಡಿದೆವು. ಬಗ್ಗಿಸಿದ 12 ಗುಜರಿಗೆ ಹೋದವು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ 0.395 ಕೆ.ಜಿ. ಬರುತ್ತದೆ. ಆ ಲೆಕ್ಕದಲ್ಲಿ ಒಟ್ಟು ನಷ್ಟ ಸುಮಾರು ಏಳೂವರೆ ಕೆ.ಜಿ. ಸೈಟ್ ಇಂಜಿನಿಯರ್ ಬೈಯಲಿಲ್ಲ. ಆ ನಷ್ಟವನ್ನು ನನ್ನ ಕೈಯಲ್ಲೇ ಸ್ಟಾಕ್ ಪುಸ್ತಕದಲ್ಲಿ ಬರೆಸಿದರು. ಅಂದಿನಿಂದ ಮೊದಲು ಒಂದೇ ಒಂದು ರಿಂಗು ಮಾಡಿಸಿ, ಒಳಗಿಟ್ಟು ನೋಡಿ, ನಂತರವೇ ಉಳಿದದ್ದಕ್ಕೆ ಹೇಳುತ್ತೇನೆ.

ಮಾರ್ಚ್ 27ರ ಸ್ಲ್ಯಾಬ್

ನೆಲಮಹಡಿಯ ಮೇಲಿನ ಸ್ಲ್ಯಾಬ್ 1,150 ಚದರಡಿ, ದಪ್ಪ 125 ಮಿ.ಮೀ., ಎಂ 20 ಕಾಂಕ್ರೀಟ್. ಬೀಮ್ ಸೇರಿ 16.5 ಘನ ಮೀಟರ್ ಎಂದು ಲೆಕ್ಕ ಹಾಕಿ, ಘನ ಮೀಟರಿಗೆ ಎಂಟು ಚೀಲದಂತೆ 132 ಚೀಲ ಬೇಕೆಂದು ಕೊಟ್ಟಿದ್ದೆ. ಖರ್ಚಾದದ್ದು 138.

ಬೆಳಿಗ್ಗೆ ಸ್ಲಂಪ್ 80 ಮಿ.ಮೀ. ಬಂತು. ಮೂರು ಕ್ಯೂಬ್ ತುಂಬಿಸಿದೆ. ಮಧ್ಯಾಹ್ನದ ಊಟದ ನಂತರ ಬಿಸಿಲು ಏರಿತು. ಲಿಫ್ಟಿನಿಂದ ಮೇಲೆ ಬರುವಷ್ಟರಲ್ಲಿ ಕಾಂಕ್ರೀಟ್ ಗಟ್ಟಿಯಾಗುತ್ತಿತ್ತು. ಮಿಕ್ಸರ್ ಹತ್ತಿರ ಇದ್ದವರು "ಬಿಗಿ ಆಗೈತಿ ಸಾರ್, ಕೈಯಾಡಲ್ಲ" ಎನ್ನುತ್ತ ಪ್ರತಿ ಸಲವೂ ಅರ್ಧ ಬಕೆಟ್ ನೀರು ಹೆಚ್ಚಿಗೆ ಸುರಿಯತೊಡಗಿದರು. ನಾನು ನೋಡಿದೆ. ಇಂಜಿನಿಯರ್ ಸಾಮಾನು ತರಲು ಪೇಟೆಗೆ ಹೋಗಿದ್ದರು. ನನ್ನ ತಂದೆಯ ವಯಸ್ಸಿನವರಿಗೆ ಹೇಗೆ ಬೇಡ ಅನ್ನುವುದೆಂದು ಹತ್ತು ನಿಮಿಷ ಸುಮ್ಮನೆ ನಿಂತೆ. ಬಾಯಲ್ಲಿ ಹೇಳಲಾಗದೆ ಸ್ಲಂಪ್ ಕೋನ್ ತಂದು ತುಂಬಿಸಿದೆ. ಎತ್ತಿದ ಕೂಡಲೇ ರಾಶಿ ಸಗಣಿಯಂತೆ ಕುಸಿಯಿತು: 140 ಮಿ.ಮೀ. ಅದನ್ನು ಮೇಸ್ತ್ರಿಗೆ ತೋರಿಸಿದಾಗ ನೀರು ನಿಂತಿತು. ಅಷ್ಟರಲ್ಲಿ ಹಾಲಿನ ತೆಂಕಣ ಮೂಲೆಗೆ ಸುಮಾರು ಇಪ್ಪತ್ತು ಚೀಲದ ಮಾಲು ಬಿದ್ದಾಗಿತ್ತು. ಆ ಮಾಲಿನದೇ ಮೂರು ಕ್ಯೂಬ್ ಬೇರೆ ಗುರುತು ಹಾಕಿ ಇಟ್ಟೆ. ಸಂಜೆ ಇಂಜಿನಿಯರಿಗೆ ತಿಳಿಸಿ, ಡೈರಿಯಲ್ಲಿ ಸಮಯ ಸಮೇತ ಬರೆದೆ.

ಹಬ್ಬದ ಕ್ಯೂರಿಂಗ್

ಮಾರ್ಚ್ 30 ಯುಗಾದಿ, 31 ರಂಜಾನ್. ಗಾರೆಯವರೂ ಬಾರ್ ಬೆಂಡರ್‌ಗಳೂ 29ರ ಸಂಜೆಯೇ ಊರಿಗೆ ಹೋದರು. ಎರಡು ದಿನದ ಸ್ಲ್ಯಾಬ್‌ಗೆ ನೀರು ಹಾಕುವವರೇ ಇಲ್ಲ. ಬಳಸಿದ್ದು ಪಿಪಿಸಿ ಸಿಮೆಂಟ್. ಬಿಸಿಲು ಹೆಚ್ಚಿದ್ದಾಗ ಅದಕ್ಕೆ 14 ದಿನವಾದರೂ ತೇವ ಇರಬೇಕು.

ನನ್ನ ಮನೆ ದಾವಣಗೆರೆಯಲ್ಲೇ ಇರುವುದರಿಂದ ಬರುತ್ತೇನೆಂದು ಒಪ್ಪಿಕೊಂಡೆ. ಸ್ಲ್ಯಾಬ್ ಮೇಲೆ ಗಾರೆಯ ಸಣ್ಣ ಬದು ಕಟ್ಟಿ ಮಡಿ ಮಾಡಿದ್ದರು. ಅದರಲ್ಲಿ ನೀರು ನಿಲ್ಲಿಸಬೇಕು. ಯುಗಾದಿ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ ಬೇವು ಬೆಲ್ಲ ತಿಂದು ಸೈಟಿಗೆ ಹೋದರೆ, ಕರೆಂಟ್ ಇಲ್ಲ, ಬೋರ್ ಓಡುತ್ತಿಲ್ಲ. ಎರಡು ಮಡಿ ಆಗಲೇ ಒಣಗಿ ಬಿಳಿಚಿದ್ದವು. ವಾಚ್‌ಮನ್ ಮತ್ತು ನಾನು ಸಂಪಿನಿಂದ ಕೊಡದಲ್ಲಿ ಹೊತ್ತು ಆ ಎರಡು ಮಡಿ ತುಂಬಿಸಿದೆವು. ಅವರ ಹೆಂಡತಿ ಮಧ್ಯಾಹ್ನ ಹೋಳಿಗೆ ಕೊಟ್ಟರು. ವರದಿಗೆ ಸಂಬಂಧವಿಲ್ಲದಿದ್ದರೂ ಬರೆಯಬೇಕೆನಿಸಿತು.

ಫಲಿತಾಂಶ

28 ದಿನಕ್ಕೆ, ಏಪ್ರಿಲ್ 24ರಂದು, ಕ್ಯೂಬ್ ಒಡೆಸಿದೆವು. ಬೆಳಗಿನ ಮೂರರ ಸರಾಸರಿ ಪ್ರತಿ ಚದರ ಮಿ.ಮೀ.ಗೆ 25.1 ನ್ಯೂಟನ್. ಮಧ್ಯಾಹ್ನದ ಮೂರರದು 18.6. ಸಿಮೆಂಟ್, ಮರಳು, ಜಲ್ಲಿ ಎಲ್ಲ ಅದೇ, ಜನರೂ ಅವರೇ. ಕ್ಯೂಬ್‌ಗಳೆಲ್ಲ ಒಂದೇ ತೊಟ್ಟಿಯಲ್ಲಿ ನೆನೆದವು. ಬೇರೆಯಾದದ್ದು ನೀರಿನ ಪ್ರಮಾಣ ಒಂದೇ.

ಗುತ್ತಿಗೆದಾರರ ಕಡೆಯವರು ಮಧ್ಯಾಹ್ನದ ಕ್ಯೂಬನ್ನು "ಹುಡುಗ ಸರಿಯಾಗಿ ತುಂಬಿಸಿಲ್ಲ" ಅಂದರು. ಹಾಗೆ ಆಗಿರಲೂಬಹುದೆಂದು ನನಗೂ ಅಳುಕಾಯಿತು. ಆದರೆ ಎರಡು ಸಲವೂ ಪದರಕ್ಕೆ ಎಷ್ಟು ಪೆಟ್ಟು ಕೊಟ್ಟೆ, ಸ್ಲಂಪ್ ಎಷ್ಟಿತ್ತು, ಯಾವ ಜಾಗಕ್ಕೆ ಆ ಮಾಲು ಹೋಯಿತು ಎಂಬುದು ಡೈರಿಯಲ್ಲಿತ್ತು. ಇಂಜಿನಿಯರ್ ಅದನ್ನೇ ಮುಂದಿಟ್ಟುಕೊಂಡು ಆ ಮೂಲೆಯಲ್ಲಿ ರೀಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿಸಿದರು. ಅಲ್ಲಿಯೂ ಅಂಕಿ ಉಳಿದ ಭಾಗಕ್ಕಿಂತ ಕಡಿಮೆ ಬಂತು. ಡಿಸೈನ್ ಮಾಡಿದವರಿಗೆ ವಿವರ ಕಳಿಸಲಾಗಿದೆ.

ಕಾಲೇಜಿನಲ್ಲಿ ನೀರು-ಸಿಮೆಂಟ್ ಅನುಪಾತದ ಗ್ರಾಫ್ ಬರೆದು ಐದು ಅಂಕ ತೆಗೆದುಕೊಂಡಿದ್ದೆ. ಅರ್ಧ ಬಕೆಟ್ ಅಂದರೆ ಆ ಗ್ರಾಫಿನಲ್ಲಿ ಎಲ್ಲಿ ಬರುತ್ತದೆ ಎಂದು ಆಗ ಯೋಚಿಸಿರಲಿಲ್ಲ. ಮಿಕ್ಸರ್ ಹತ್ತಿರ ನಾನು ನಿಂತ ಆ ಹತ್ತು ನಿಮಿಷವನ್ನೂ ಡೈರಿಯಲ್ಲಿ ಬರೆದಿದ್ದೇನೆ. ಮಾರ್ಗದರ್ಶಕರು ನೋಡಬಹುದು.

ಮೇ 10ರಂದು ನಾನು ಸೈಟ್ ಬಿಡುವಾಗ ಉಳಿದ ಕಡೆಯ ಸೆಂಟ್ರಿಂಗ್ ಎಲ್ಲ ಬಿಚ್ಚಿ, ಮೊದಲ ಮಹಡಿಯ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಹಾಲಿನ ತೆಂಕಣ ಮೂಲೆಯಲ್ಲಿ ಮಾತ್ರ ಆರು ಆಸರೆ ಹಾಗೇ ನಿಂತಿದ್ದವು, ಅದರ ಮೇಲಿನ ಗೋಡೆ ಶುರುವಾಗಿರಲಿಲ್ಲ.