ನೌಕರರ ಸಂಘದ ವಿಶೇಷ ಸರ್ವಸದಸ್ಯರ ಸಭೆಯ ನಡಾವಳಿ

ಕೋರಂ ಇರುವುದನ್ನು ಖಚಿತಪಡಿಸಿಕೊಂಡು ಅಧ್ಯಕ್ಷರು ಸಂಜೆ 5.30ಕ್ಕೆ ಸಭೆಯನ್ನು ಆರಂಭಿಸಿದರು.

ವೇತನ ಪರಿಷ್ಕರಣೆಯ ಮಾತುಕತೆ ಮುರಿದುಬಿದ್ದ ಹಿನ್ನೆಲೆಯಲ್ಲಿ ನಡೆದ ಗುಪ್ತ ಮತದಾನದ ಪೆಟ್ಟಿಗೆಯ ಮೊಹರನ್ನು ಸಭೆಯ ಎದುರಿನಲ್ಲೇ ಒಡೆದು ಎಣಿಕೆ ಮಾಡಲಾಗಿ, 412 ಸದಸ್ಯರ ಪೈಕಿ 367 ಮಂದಿ ಮತ ಚಲಾಯಿಸಿದ್ದು, ಮುಷ್ಕರದ ಪರವಾಗಿ 291, ವಿರುದ್ಧವಾಗಿ 68 ಮತಗಳು ಬಂದಿರುವುದಾಗಿಯೂ 8 ಮತಪತ್ರಗಳು ಅಸಿಂಧುವೆಂದೂ ಚುನಾವಣಾಧಿಕಾರಿಯವರು ಘೋಷಿಸಿದರು. ಎರಡೂ ಚೌಕಗಳಲ್ಲಿ ಗುರುತು ಹಾಕಿದ್ದ, ಅದರಲ್ಲೂ ಒಂದನ್ನು ಅರ್ಧ ಅಳಿಸಿದ್ದ ಮತಪತ್ರವೊಂದರ ಬಗ್ಗೆ ಸದಸ್ಯರೊಬ್ಬರು ಆಕ್ಷೇಪಿಸಿ ಮರುಎಣಿಕೆ ಕೋರಿದರು. ಮರುಎಣಿಕೆಯಲ್ಲೂ ಫಲಿತಾಂಶ ಬದಲಾಗಲಿಲ್ಲ.

ಆದುದರಿಂದ, ಆಡಳಿತ ವರ್ಗಕ್ಕೆ 14 ದಿನಗಳ ಮುಂಚಿತ ಲಿಖಿತ ನೋಟಿಸ್ ನೀಡಿ ಮುಷ್ಕರ ಹೂಡುವುದೆಂದೂ, ಅಷ್ಟರೊಳಗೆ ಮಾತುಕತೆಗೆ ಕರೆ ಬಂದಲ್ಲಿ ಪಾಲ್ಗೊಳ್ಳುವುದೆಂದೂ, ತುರ್ತು ಸೇವೆಯ ಪಾಳಿಗಳನ್ನು ಮುಷ್ಕರದಿಂದ ಹೊರಗಿಡುವುದೆಂದೂ ತೀರ್ಮಾನಿಸಲಾಯಿತು.

ಕಾರ್ಯದರ್ಶಿಯವರ ವಂದನಾರ್ಪಣೆಯೊಂದಿಗೆ ರಾತ್ರಿ 7.40ಕ್ಕೆ ಸಭೆ ಮುಕ್ತಾಯವಾಯಿತು.